ಒಂಬತ್ತು ಪಿಂಗ್ ಬಿಚ್ಚಿ ಒಂದು ಮೆಸೇಜ್ ಮಾಡಿದ್ದು: ಮೂರನೇ ರಿಮೈಂಡರ್ ರಿಪೇರಿ

ನಾನು ಗೋಡಂಬಿ ಎಕ್ಸ್‌ಪೋರ್ಟ್ ಮಾಡುವ ಒಂದು ಕಂಪೆನಿಯಲ್ಲಿ ಡಾಕ್ಯುಮೆಂಟೇಶನ್ ನೋಡಿಕೊಳ್ಳುದು. ಆಫೀಸು ಮಂಗಳೂರಲ್ಲಿ, ಫ್ಯಾಕ್ಟರಿ ಕಾರ್ಕಳದ ಹತ್ರ, ಮಧ್ಯೆ ಸುಮಾರು 50 ಕಿಲೋಮೀಟರ್. ಅಲ್ಲಿಯ ಪ್ಯಾಕಿಂಗ್ ಸೂಪರ್‌ವೈಸರ್ ನನಗಿಂತ ತುಂಬ ಸೀನಿಯರ್, ಕೆಲಸದಲ್ಲಿ ಒಂದು ಮಾತು ಹೇಳ್ಲಿಕ್ಕಿಲ್ಲ, ಆದ್ರೆ ಮೆಸೇಜಿಗೆ ಉತ್ತರ ಮಾತ್ರ ಬರುದಿಲ್ಲ. ಕಳೆದ ತಿಂಗಳು ಒಂದು ಕಂಟೇನರಿನ ಪ್ಯಾಕಿಂಗ್ ಶೀಟ್ ವಿಷಯದಲ್ಲಿ ಅವರಿಗೆ ಮೂರನೇ ಸಲ ನೆನಪು ಮಾಡ್ಬೇಕಾಗಿ ಬಂತು, ಆಗ ಹಳೇ ಮೆಸೇಜುಗಳನ್ನೆಲ್ಲ ಸಾಲಾಗಿ ಇಟ್ಟು ಎಲ್ಲಿ ಹಾಳಾಗಿದೆ ಅಂತ ನೋಡಿ ಹೊಸತಾಗಿ ಬರ್ದೆ. ಹೇಗೆ ಬರ್ದೆ, ಎಂತ ತೆಗ್ದೆ, ಎಂತ ಇಟ್ಟೆ, ಎಲ್ಲ ಇಲ್ಲಿ ಹಾಕ್ತಿದ್ದೇನೆ.

ಮೊದ್ಲು ಆ ಶೀಟ್ ಎಂತಕ್ಕೆ ಬೇಕು ಅಂತ ಹೇಳ್ತೇನೆ, ಯಾಕಂದ್ರೆ ರಿಮೈಂಡರಿನ ಬಲ ಇರುದೇ ಅದ್ರಲ್ಲಿ. ನಮ್ಮದು 20 ಅಡಿ ಕಂಟೇನರ್, ಅದ್ರಲ್ಲಿ 700 ಬಾಕ್ಸ್ ಗೋಡಂಬಿ ಬೀಜ, ಒಂದು ಬಾಕ್ಸಲ್ಲಿ 22.68 ಕಿಲೋ, ಅಂದ್ರೆ 50 ಪೌಂಡ್. ಒಟ್ಟು ನೆಟ್ 15,876 ಕಿಲೋ. ಇದು ಲೆಕ್ಕದಲ್ಲೇ ಬರ್ತದೆ, ಇದಕ್ಕೆ ಯಾರನ್ನೂ ಕೇಳ್ಬೇಕಂತ ಇಲ್ಲ. ಆದ್ರೆ ಗ್ರಾಸ್ ವೆಯ್ಟ್, ಅಂದ್ರೆ ಬಾಕ್ಸು ಚೀಲ ಎಲ್ಲ ಸೇರಿದ ತೂಕ, ಮತ್ತೆ ಯಾವ ಲಾಟಿನಿಂದ ಎಷ್ಟು ಬಾಕ್ಸ್ ಅನ್ನುದು ಪ್ಯಾಕಿಂಗ್ ಹಾಲ್‌ನ ರಿಜಿಸ್ಟರಲ್ಲಿ ಮಾತ್ರ ಉಂಟು. ಅದು ಬಂದ್ರೆ ನಾನು ಪ್ಯಾಕಿಂಗ್ ಲಿಸ್ಟ್ ಮಾಡಿ ಕ್ಲಿಯರಿಂಗ್ ಏಜೆಂಟಿಗೆ ಕೊಡುದು (ನಾವು ಸಿಎಚ್‌ಎ ಅಂತ್ಲೇ ಹೇಳುದು), ಅವರು ಚೆಕ್‌ಲಿಸ್ಟ್ ಮಾಡಿ ಕಳಿಸ್ತಾರೆ, ನಾವು ನೋಡಿ ಓಕೆ ಹೇಳಿದ ಮೇಲೆ ಕಸ್ಟಮ್ಸಿಗೆ ಶಿಪ್ಪಿಂಗ್ ಬಿಲ್ ಫೈಲ್ ಆಗ್ತದೆ. ಫ್ಯಾಕ್ಟರಿಯಲ್ಲೇ ಕಂಟೇನರ್ ತುಂಬಿಸಿ ಈ-ಸೀಲ್ ಹಾಕುವಾಗ ಆ ಶಿಪ್ಪಿಂಗ್ ಬಿಲ್ ನಂಬರ್ ಬೇಕು, ಇಲ್ಲದಿದ್ರೆ ಗಾಡಿ ಪಣಂಬೂರು ಬಂದರಿನ ಕಡೆ ಹೊರಡುದೇ ಇಲ್ಲ. ಹಾಗಾಗಿ ಒಂದು ರಿಜಿಸ್ಟರ್ ಪುಟ ಬರದಿದ್ರೆ ಇಷ್ಟೂ ನಿಲ್ತದೆ.

ಅಂದಾಜಿಗೆ ಒಂದು ತೂಕ ಹಾಕಿ ಫೈಲ್ ಮಾಡ್ಬಹುದಲ್ಲ ಅಂತ ನಮ್ಮ ಆಫೀಸಲ್ಲೇ ಒಬ್ರು ಹೇಳಿದ್ರು. ಮಾಡ್ಬಾರ್ದು. 2016 ಜುಲೈ 1ರಿಂದ ತುಂಬಿದ ಕಂಟೇನರಿನ ನಿಜವಾದ ತೂಕ ಡಿಕ್ಲೇರ್ ಮಾಡದೆ ಹಡಗಿಗೆ ಹತ್ತಿಸ್ಲಿಕ್ಕಿಲ್ಲ ಅಂತ ರೂಲ್ ಉಂಟು, ವಿಜಿಎಂ ಅಂತ ಹೇಳ್ತಾರೆ. ಅಲ್ಲಿ ಬರುವ ತೂಕ ಒಂದು, ನಮ್ಮ ಪೇಪರಲ್ಲಿ ಇರುವ ತೂಕ ಇನ್ನೊಂದು ಆದ್ರೆ ಮತ್ತೆ ತಿದ್ದುಪಡಿ, ಅದಕ್ಕೆ ಇನ್ನೂ ಒಂದು ದಿನ.

ಈಗ ಹಳೇ ಮೆಸೇಜುಗಳು. ಇದ್ದ ಹಾಗೆ ಹಾಕ್ತೇನೆ:

ಸೋಮವಾರ 10:22 – ಗುಡ್ ಮಾರ್ನಿಂಗ್ ಸರ್
10:23 – ಪ್ಯಾಕಿಂಗ್ ಶೀಟ್ ರೆಡಿ ಆಯ್ತಾ
10:23 – ಈ ವಾರದ ಕಂಟೇನರ್‌ದ್ದು
ಮಂಗಳವಾರ 11:41 – ಸರ್
11:41 – ಶೀಟ್?
11:58 – ಸ್ವಲ್ಪ ಅರ್ಜೆಂಟ್ ಇತ್ತು
3:10 – ??
ಬುಧವಾರ 9:35 – ಸರ್ ಸಿಎಚ್‌ಎ ಕೇಳ್ತಾ ಇದ್ದಾರೆ
9:36 – ನೋಡಿ ಸರ್ ಒಮ್ಮೆ

ಸೋಮವಾರದ್ದು ಕೇಳಿದ್ದು, ಮಂಗಳವಾರದ್ದು ಒಂದನೇ ರಿಮೈಂಡರ್, ಬುಧವಾರ ಬೆಳಿಗ್ಗೆದ್ದು ಎರಡನೇದು. ಎಲ್ಲದಕ್ಕೂ ನೀಲಿ ಟಿಕ್ ಬಂದಿತ್ತು, ಉತ್ತರ ಒಂದಕ್ಕೂ ಇಲ್ಲ.

ಬರಿಯುವ ಮೊದ್ಲು ಎರಡು ವಿಷಯ ಚೆಕ್ ಮಾಡಿದೆ. ಅವರು ರಜೆಯಲ್ಲಿ ಇದ್ದಾರಾ ಅಂತ ಫ್ಯಾಕ್ಟರಿ ಗೇಟಿಗೆ ಫೋನ್ ಮಾಡಿ ಕೇಳಿದೆ, ಇಲ್ಲ, ಬೆಳಿಗ್ಗೆ 8ಕ್ಕೇ ಬಂದಿದ್ದಾರೆ ಅಂದ್ರು. ಮತ್ತೆ ಈ ಶೀಟ್ ಕೊಡುದು ನಿಜವಾಗಿ ಅವರ ಕೆಲಸವಾ ಅಂತ, ಯಾಕಂದ್ರೆ ಹಿಂದೆ ಒಂದು ಸಲ ಸ್ಟೋರಿನವರು ಕಳಿಸಿದ್ದರು. ಅದೂ ಅವರದ್ದೇ. ಇದು ಎರಡು ನಿಮಿಷದ ಕೆಲಸ, ಆದ್ರೆ ಮೂರನೇ ರಿಮೈಂಡರ್ ಅಂದ್ರೆ ಸ್ವಲ್ಪ ಗಟ್ಟಿ ಮಾತು ಇರ್ತದೆ, ಗಟ್ಟಿ ಮಾತು ತಪ್ಪು ಜನಕ್ಕೆ ಅಥವಾ ಮನೆಯಲ್ಲಿ ಹುಷಾರಿಲ್ಲದೆ ಮಲಗಿದವರಿಗೆ ಹೋದ್ರೆ ಮತ್ತೆ ವಾಪಸ್ ತಗೊಳ್ಳಿಕ್ಕಾಗುದಿಲ್ಲ.

ಆಮೇಲೆ ಒಂಬತ್ತೂ ಮೆಸೇಜನ್ನು ಅವರ ಕಡೆಯಿಂದ ಓದಿದೆ. ಪ್ಯಾಕಿಂಗ್ ಹಾಲ್ ಒಳಗೆ ಮೊಬೈಲ್ ತಗೊಂಡು ಹೋಗ್ಲಿಕ್ಕಿಲ್ಲ, ತಿನ್ನುವ ವಸ್ತು ಅಲ್ವಾ, ವಾಚು ಬಳೆ ಸಹ ಹೊರಗೇ. ಅವರು ಫೋನ್ ನೋಡುದು ಚಾ ಕುಡಿಲಿಕ್ಕೆ ಬಂದಾಗ ಮತ್ತೆ ಊಟಕ್ಕೆ ಬಂದಾಗ. ಆಗ ಸ್ಕ್ರೀನ್ ಮೇಲೆ ಕಾಣುದು ಕೊನೆಯ ಮೆಸೇಜಿನ ಮೊದಲ ಸಾಲು. ಮಂಗಳವಾರ ಕಂಡದ್ದು "??". ಬುಧವಾರ ಕಂಡದ್ದು "ನೋಡಿ ಸರ್ ಒಮ್ಮೆ". ಎಂತ ನೋಡ್ಬೇಕು? ಅದಕ್ಕೆ ಮೇಲೆ ಹೋಗ್ಬೇಕು, ಸೋಮವಾರದವರೆಗೆ, ಅಲ್ಲಿ ಹೋದ್ರೂ "ಈ ವಾರದ ಕಂಟೇನರ್‌ದ್ದು ಶೀಟ್" ಅಂತ ಮಾತ್ರ ಉಂಟು, ಯಾವ ದಿನ ಎಷ್ಟು ಗಂಟೆಗೆ ಬೇಕು, ಶೀಟಲ್ಲಿ ಎಂತೆಲ್ಲ ಬೇಕು ಅಂತ ಎಲ್ಲೂ ಇಲ್ಲ. ಒಂಬತ್ತು ಮೆಸೇಜಲ್ಲಿ ಟೈಮ್ ಅನ್ನುದು ಒಂದು ಸಲವೂ ಬಂದಿಲ್ಲ. ಇದು ನನಗೆ ದೊಡ್ಡ ಆಶ್ಚರ್ಯ, ಯಾಕಂದ್ರೆ ನನ್ನ ತಲೆಯಲ್ಲಿ ಮೂರು ದಿನದಿಂದ ಟೈಮೇ ಓಡ್ತಿತ್ತು.

ಎರಡನೇ ದೋಷ "ಆಯ್ತಾ" ಅನ್ನುವ ಪ್ರಶ್ನೆ. ಅದಕ್ಕೆ ಎರಡೇ ಉತ್ತರ, ಆಯ್ತು ಇಲ್ಲವೇ ಆಗ್ಲಿಲ್ಲ. ಅರ್ಧ ಆದವ ಎಂತ ಹೇಳ್ಬೇಕು? ವಯಸ್ಸಾದ, ಕೆಲಸದ ಮೇಲೆ ಅಭಿಮಾನ ಇರುವ ಮನುಷ್ಯ ತನಗಿಂತ ಚಿಕ್ಕವರಿಗೆ "ಆಗ್ಲಿಲ್ಲ" ಅಂತ ಟೈಪ್ ಮಾಡಿ ಕಳಿಸುದು ಕಷ್ಟ, ಪೂರ್ತಿ ಆಗ್ಲಿ ಮತ್ತೆ ಒಟ್ಟಿಗೆ ಹೇಳುವ ಅಂತ ಬಿಡ್ತಾರೆ. ಇದು ಆಗ ಬರೀ ನನ್ನ ಊಹೆ, ನಂತ್ರ ಅದೇ ನಿಜ ಅಂತ ಗೊತ್ತಾಯ್ತು.

ಮೂರನೇದು ಸ್ವರ. ಫೋನಲ್ಲಿ ನಾವು ತುಳುವಲ್ಲೇ ಮಾತಾಡುದು, ಅಲ್ಲಿ ನೀವು ಅನ್ನುದಕ್ಕೆ "ಈರ್" ಅಂದ್ರೆ ಸಾಕು, ಮರ್ಯಾದೆ ಅದ್ರಲ್ಲೇ ಬಂತು, ಆಮೇಲೆ ಎಷ್ಟು ಅವಸರ ಮಾಡಿದ್ರೂ ಬೇಜಾರಿಲ್ಲ. ಟೈಪ್ ಮಾಡುವಾಗ ಕನ್ನಡ, ಅಲ್ಲಿ ದನಿ ಇಲ್ಲ. "ನೋಡಿ ಸರ್ ಒಮ್ಮೆ" ಅಂತ ಬಾಯಲ್ಲಿ ಹೇಳಿದ್ರೆ ಅದು ಒಂದು ವಿನಂತಿ, ಬರ್ದು ಕಳಿಸಿದ್ರೆ "ನೋಡಿ ಸರ್" ಅನ್ನುದು ಜಗಳಕ್ಕೆ ಶುರು ಮಾಡುವವರ ಮಾತಿನ ಹಾಗೆ ಕೇಳ್ತದೆ. ಎರಡು ಪ್ರಶ್ನಾರ್ಥಕ ಚಿಹ್ನೆ ಅಂತೂ ಹೇಳುದೇ ಬೇಡ, ಸೀನಿಯರ್ ಒಬ್ರಿಗೆ ಹಾಗೆ ಹಾಕ್ಬಾರ್ದಿತ್ತು, ಅದು ನನಗೆ ಈಗಲೂ ಮನಸ್ಸಿಗೆ ಹತ್ತಿದ್ದುಂಟು. ಡಿಲೀಟ್ ಮಾಡುವ ಅಂತ ಯೋಚನೆ ಬಂತು, ಆದ್ರೆ ಡಿಲೀಟ್ ಮಾಡಿದ ಗುರುತು ಅಲ್ಲೇ ಇರ್ತದೆ, ಅದನ್ನು ನೋಡಿದವ ಇನ್ನೂ ಕೆಟ್ಟದ್ದು ಏನೋ ಇತ್ತು ಅಂತ ಎಣಿಸ್ತಾನೆ. ಹಾಗೇ ಬಿಟ್ಟೆ.

ಮೊದಲ ಡ್ರಾಫ್ಟ್ ಹೀಗಿತ್ತು:

"ಸರ್, ಈಗಾಗಲೇ ಹಲವು ಬಾರಿ ತಮ್ಮ ಗಮನಕ್ಕೆ ತಂದಿದ್ದರೂ ಪ್ಯಾಕಿಂಗ್ ಶೀಟ್ ಕಳುಹಿಸಿರುವುದಿಲ್ಲ. ದಯವಿಟ್ಟು ಆದಷ್ಟು ಬೇಗ ಕಳುಹಿಸಿಕೊಡಬೇಕಾಗಿ ವಿನಂತಿ."

ಬರ್ದು ಜೋರಾಗಿ ಓದಿದೆ. ಪಂಚಾಯತಿನಿಂದ ತೆರಿಗೆ ಬಾಕಿಗೆ ಬರುವ ನೋಟಿಸಿನ ಹಾಗಿದೆ. "ತಮ್ಮ", "ಇರುವುದಿಲ್ಲ", "ವಿನಂತಿ" ಅಂತೆಲ್ಲ ಮರ್ಯಾದೆಯ ಶಬ್ದವೇ, ಆದ್ರೆ ದಿನಾ "ಸರ್ ಚಾ ಆಯ್ತಾ" ಅಂತ ಮಾತಾಡುವವರು ಒಮ್ಮೆಲೇ ಗ್ರಾಂಥಿಕ ಭಾಷೆಗೆ ಹೋದ್ರೆ ಅದು ಮರ್ಯಾದೆ ಅಲ್ಲ, ದೂರ ಮಾಡಿದ ಹಾಗೆ. "ಹಲವು ಬಾರಿ ತಂದಿದ್ದರೂ" ಅನ್ನುದು ನೇರ ಆರೋಪ, ಅದನ್ನು ಓದಿದ ಕೂಡ್ಲೇ ಮನುಷ್ಯ ತನ್ನ ಸಮರ್ಥನೆ ಹುಡುಕ್ತಾನೆ, ಶೀಟ್ ಹುಡುಕುದಿಲ್ಲ. ಮತ್ತೆ ಇಷ್ಟೆಲ್ಲ ಖಾರ ಇದ್ದೂ ಟೈಮ್ ಇಲ್ಲ. "ಆದಷ್ಟು ಬೇಗ" ಅಂದ್ರೆ ಅವರ ಲೆಕ್ಕದಲ್ಲಿ ಶುಕ್ರವಾರವೂ ಬೇಗವೇ.

ಎರಡನೇ ಡ್ರಾಫ್ಟಲ್ಲಿ ತದ್ವಿರುದ್ಧ ಮಾಡಿದೆ:

"ಸರ್ ಡಿಸ್ಟರ್ಬ್ ಮಾಡಿದ್ದಕ್ಕೆ ಸಾರಿ, ನಿಮಗೆ ಸ್ವಲ್ಪ ಟೈಮ್ ಸಿಕ್ಕಿದಾಗ ಆ ಶೀಟ್ ಒಂದು ನೋಡ್ಲಿಕ್ಕೆ ಆಗ್ಬಹುದಾ"

ಇದು ಓದ್ಲಿಕ್ಕೆ ಚಂದ, ಕೆಲಸ ಆಗುದಿಲ್ಲ. "ಟೈಮ್ ಸಿಕ್ಕಿದಾಗ" ಅಂದ ಮೇಲೆ ತಡ ಮಾಡ್ಲಿಕ್ಕೆ ನಾವೇ ಒಪ್ಪಿಗೆ ಕೊಟ್ಟ ಹಾಗೆ. "ಸ್ವಲ್ಪ", "ಒಂದು", "ಆಗ್ಬಹುದಾ", ಮೂರು ಮೂರು ಕಡೆ ನೀರು ಸೇರಿಸಿದ್ದೇನೆ. ನಮ್ಮಲ್ಲಿ "ಸ್ವಲ್ಪ" ಅನ್ನುದು ಉಪ್ಪಿನ ಹಾಗೆ ಎಲ್ಲದಕ್ಕೂ ಬೀಳ್ತದೆ, "ಸ್ವಲ್ಪ ನೀರು ಕೊಡಿ", "ಸ್ವಲ್ಪ ಸರಿಯಿರಿ", ಅಲ್ಲೆಲ್ಲ ಸರಿ, ಆದ್ರೆ "ಸ್ವಲ್ಪ ಅರ್ಜೆಂಟ್" ಅಂದ್ರೆ ಅರ್ಜೆಂಟ್ ಅಲ್ಲ ಅಂತ್ಲೇ ಅರ್ಥ. ಮಂಗಳವಾರ ನಾನು ಬರ್ದದ್ದು ಇನ್ನೂ ಒಂದು ಹೆಜ್ಜೆ ಹಿಂದೆ, "ಅರ್ಜೆಂಟ್ ಇತ್ತು", ಭೂತಕಾಲ. ನಾವು ಮೆತ್ತಗೆ ಕೇಳ್ಲಿಕ್ಕೆ "ಬೇಕಿತ್ತು", "ಇತ್ತು" ಅಂತ ಹೇಳ್ತೇವಲ್ಲ, ಅಂಗಡಿಯಲ್ಲಿ "ಒಂದು ಪೆನ್ನು ಬೇಕಿತ್ತು" ಅಂದ ಹಾಗೆ, ಮೊದಲನೇ ಸಲ ಕೇಳುವಾಗ ಅದು ಒಳ್ಳೆದೇ, ಮೂರನೇ ಸಲಕ್ಕೆ ಅದು ಸಾಕಾಗುದಿಲ್ಲ.

ಹಾಗಾದ್ರೆ ಗಟ್ಟಿ ಎಲ್ಲಿಡುದು, ಮರ್ಯಾದೆ ಎಲ್ಲಿಡುದು? ನಾನು ಮಾಡಿದ್ದು ಎಂತಂದ್ರೆ, ಗಟ್ಟಿತನವನ್ನು ಕ್ರಿಯಾಪದದಿಂದ ತೆಗ್ದು ಗಂಟೆಯ ಮೇಲೆ ಹಾಕಿದೆ. "ಕಳಿಸಿ" "ಕಳಿಸ್ಲೇಬೇಕು" ಅಂತ ಅವರಿಗೆ ಆಜ್ಞೆ ಮಾಡುದಕ್ಕಿಂತ "3 ಗಂಟೆ ಒಳಗೆ ನನಗೆ ಬೇಕು" ಅಂದ್ರೆ ಮಾತು ನನ್ನ ಅಗತ್ಯದ ಬಗ್ಗೆ ಆಯ್ತು, ಅವರ ತಪ್ಪಿನ ಬಗ್ಗೆ ಅಲ್ಲ, ಆದ್ರೆ 3 ಗಂಟೆ ಅಲುಗಾಡುದಿಲ್ಲ. ಹಾಗೇ "ನೀವು ಕಳಿಸಿಲ್ಲ" ಅಂತ ಬರಿಲಿಲ್ಲ, ಹೇಳ್ಲೇಬೇಕಾದ್ರೆ "ಶೀಟ್ ನನ್ನ ಕೈಗೆ ಬಂದಿಲ್ಲ" ಅಂತ ಬರಿಬಹುದು, ವಿಷಯ ಅದೇ, ಬೆರಳು ಮಾತ್ರ ಯಾರ ಕಡೆಗೂ ಇಲ್ಲ. ಕನ್ನಡದಲ್ಲಿ ಈ ಸೌಲಭ್ಯ ಚೆನ್ನಾಗಿ ಉಂಟು, ಬಂದಿಲ್ಲ, ಸಿಕ್ಕಿಲ್ಲ, ಬೇಕಾಗ್ತದೆ, ಅಂತ ಜನರನ್ನು ಬಿಟ್ಟು ವಸ್ತುವಿನ ಮೇಲೆ ವಾಕ್ಯ ನಿಲ್ಲಿಸ್ಬಹುದು. ಎಷ್ಟನೇ ರಿಮೈಂಡರ್ ಅಂತ ಲೆಕ್ಕ ಹೇಳುದನ್ನೂ ಬಿಟ್ಟೆ. ಮೇಲೆ ಒಂಬತ್ತು ಮೆಸೇಜ್ ಅವರ ಕಣ್ಣೆದುರೇ ಉಂಟು, ಮೂರು ಸಲ ಹೇಳಿದೆ ಅಂತ ನಾನು ಎಣಿಸಿ ಕೊಡ್ಬೇಕಾ.

ಆಮೇಲೆ 3 ಗಂಟೆ ದಾಟಿದ್ರೆ ಎಂತ ಅಂತ. ಇದನ್ನು ಬರಿಯದಿದ್ರೆ ಟೈಮಿಗೆ ಬೆಲೆ ಇಲ್ಲ, ಬರ್ದ್ರೆ ಹೆದರಿಸಿದ ಹಾಗೆ ಆಗ್ತದೆ ಅಂತ ತುಂಬ ಹೊತ್ತು ಕೂತೆ. ಮೊದ್ಲು "ಮ್ಯಾನೇಜರಿಗೆ ತಿಳಿಸ್ತೇನೆ" ಅಂತ ಬರ್ದಿದ್ದೆ, ಅದು ಚಾಡಿ ಹೇಳ್ತೇನೆ ಅಂದ ಹಾಗೆ ಕೇಳಿಸ್ತು. ಮ್ಯಾನೇಜರ್ ಹತ್ರ ನಾನು ನಿಜವಾಗಿ ಎಂತ ಮಾತಾಡ್ತೇನೆ? ಇವರ ಬಗ್ಗೆ ಅಲ್ಲ, ಕಂಟೇನರ್ ಒಂದು ದಿನ ಮುಂದೆ ಹಾಕುದರ ಬಗ್ಗೆ. ಅದನ್ನೇ ಬರ್ದೆ. ಆ ಮಾತು ನಿಜ ಕೂಡ ಆಗಿರ್ಬೇಕು, ಹಾಗಾಗಿ ಕಳಿಸುವ ಮೊದ್ಲೇ ಟ್ರಾನ್ಸ್‌ಪೋರ್ಟಿನವರ ಹತ್ರ ಶುಕ್ರವಾರ ಬೆಳಿಗ್ಗೆ ಗಾಡಿ ಸಿಗ್ತದಾ ಕೇಳಿ ಇಟ್ಟೆ. ಹಡಗು ಭಾನುವಾರ, ಬಂದರಿಗೆ ಕಂಟೇನರ್ ಒಳಗೆ ಹೋಗ್ಲಿಕ್ಕೆ ಶನಿವಾರ ಮಧ್ಯಾಹ್ನ ಕೊನೆ, ಶುಕ್ರವಾರ ಅಂದ್ರೆ ತುಂಬ ಇಕ್ಕಟ್ಟು ಆದ್ರೂ ಆಗ್ತಿತ್ತು.

ಕೊನೆಗೆ ಹೋದ ಮೆಸೇಜ್ ಇದು, ಅದ್ರಲ್ಲಿ ಡಬ್ಲ್ಯೂ 320, ಡಬ್ಲ್ಯೂ 240 ಅಂದ್ರೆ ಗೋಡಂಬಿಯ ಗ್ರೇಡ್:

"ಸರ್, ನಾಳೆ ಗುರುವಾರ ಬರುವ ಕಂಟೇನರ್‌ನ ಪ್ಯಾಕಿಂಗ್ ಶೀಟ್ ಇವತ್ತು ಮಧ್ಯಾಹ್ನ 3 ಗಂಟೆ ಒಳಗೆ ನನಗೆ ಬೇಕು.
ಎರಡೇ ವಿಷಯ:
1. ಡಬ್ಲ್ಯೂ 320ರ 500 ಬಾಕ್ಸ್, ಡಬ್ಲ್ಯೂ 240ರ 200 ಬಾಕ್ಸ್, ಇವುಗಳ ಗ್ರಾಸ್ ವೆಯ್ಟ್
2. ಯಾವ ಲಾಟಿನಿಂದ ಎಷ್ಟು ಬಾಕ್ಸ್
ಟೈಪ್ ಮಾಡುದು ಬೇಡ, ರಿಜಿಸ್ಟರ್ ಪುಟದ ಫೋಟೋ ಸಾಕು. ಒಂದು ಮಾತ್ರ ಆಗಿದ್ರೆ ಅದನ್ನೇ ಕಳಿಸಿ, ಇನ್ನೊಂದು ಯಾವಾಗ ಆಗ್ತದೆ ಅಂತ ಹೇಳಿ.
ಸಿಎಚ್‌ಎ ಇವತ್ತು ಸಂಜೆ ಚೆಕ್‌ಲಿಸ್ಟ್ ಮಾಡಿದ್ರೆ ನಾಳೆ ಬೆಳಿಗ್ಗೆ ಶಿಪ್ಪಿಂಗ್ ಬಿಲ್ ಆಗ್ತದೆ, ಅದಿಲ್ಲದೆ ಗಾಡಿ ಫ್ಯಾಕ್ಟರಿಯಿಂದ ಹೊರಡ್ಲಿಕ್ಕಿಲ್ಲ.
3 ಗಂಟೆಗೆ ಯಾವುದೂ ಬರದಿದ್ರೆ ನಿಮಗೆ ಫೋನ್ ಮಾಡ್ತೇನೆ, ಮತ್ತೆ 3:15ಕ್ಕೆ ಮ್ಯಾನೇಜರ್ ಹತ್ರ ಮಾತಾಡಿ ಕಂಟೇನರ್ ಶುಕ್ರವಾರಕ್ಕೆ ಹಾಕ್ಬೇಕಾಗ್ತದೆ.
ನಿನ್ನೆ ಬರೀ ಪ್ರಶ್ನೆ ಚಿಹ್ನೆ ಹಾಕಿ ಕಳಿಸಿದ್ದು ಸರಿ ಆಗ್ಲಿಲ್ಲ ಸರ್, ತಪ್ಪು ತಿಳ್ಕೊಳ್ಬೇಡಿ."

ಮೊದಲ ಸಾಲಲ್ಲಿ ಗುಡ್ ಆಫ್ಟರ್‌ನೂನ್ ಹಾಕ್ಲಿಲ್ಲ, ಯಾಕಂದ್ರೆ ಫೋನ್ ತೆಗಿಯದೆಯೇ ಕಾಣುದು ಆ ಸಾಲು, ಅದ್ರಲ್ಲೇ ವಸ್ತು ಮತ್ತೆ ಗಂಟೆ ಎರಡೂ ಇರ್ಬೇಕು. ಮರ್ಯಾದೆ ಹೋಯ್ತಾ ಅಂದ್ರೆ ಇಲ್ಲ, "ಸರ್" ಉಂಟು, ಟೈಪ್ ಮಾಡುದು ಬೇಡ ಅಂದದ್ದುಂಟು, ಅವರ ಕೆಲಸ ಕಡಿಮೆ ಮಾಡಿ ಕೊಟ್ಟದ್ದೇ ನನ್ನ ಪ್ರಕಾರ ಹತ್ತು ದಯವಿಟ್ಟುವಿಗಿಂತ ದೊಡ್ಡ ಮರ್ಯಾದೆ. ಆ ಕೊನೆಯ ಸಾಲನ್ನು ಹಾಕ್ಬೇಕಾ ಬೇಡ್ವಾ ಅಂತ ಎರಡು ಸಲ ತೆಗ್ದು ಹಾಕಿದ್ದೇನೆ. ತಪ್ಪು ನನ್ನದು ಇತ್ತು, ಹಾಗಾಗಿ ಇಟ್ಟೆ, ಆದ್ರೆ ಮೊದಲಿಗೆ ಹಾಕಿದ್ರೆ ಇಡೀ ಮೆಸೇಜ್ ಕ್ಷಮಾಪಣೆ ಆಗಿ ಹೋಗ್ತಿತ್ತು, ಕೊನೆಗೆ ಇದ್ರೆ ಅದ್ರ ಜಾಗದಲ್ಲಿ ಅದು ಇರ್ತದೆ.

ಕಳಿಸಿದ್ದು 12:50ಕ್ಕೆ. ಅವರ ಊಟ 1 ಗಂಟೆಗೆ. 11:41ಕ್ಕೆ ಕಳಿಸಿದ್ರೆ ಚಾ ಮುಗಿಸಿ ಹಾಲ್ ಒಳಗೆ ಹೋಗಿ ಆಗಿರ್ತದೆ, ಹೊರಗೆ ಬರುವಾಗ ಅದ್ರ ಮೇಲೆ ಇನ್ನೂ ಇಪ್ಪತ್ತು ಮೆಸೇಜ್ ಬಿದ್ದಿರ್ತದೆ. ಕಳಿಸಿದ ಮೇಲೆ ಅದ್ರ ಕೆಳಗೆ ನಾನು ಇನ್ನೊಂದು ಅಕ್ಷರ ಹಾಕ್ಲಿಲ್ಲ. ಕೈ ತುರಿಸ್ತಿತ್ತು, ಒಂದು "ಸರ್" ಹಾಕುವ ಅಂತ, ಆದ್ರೆ ಹಾಕಿದ್ರೆ ಸ್ಕ್ರೀನಲ್ಲಿ ಅದೇ ಕಾಣುದು, ಮೊದಲ ಸಾಲಿಗೆ ಪಟ್ಟ ಕಷ್ಟ ಎಲ್ಲ ಹಾಳು.

1:28ಕ್ಕೆ ಉತ್ತರ ಬಂತು. ರಿಜಿಸ್ಟರಿನ ಒಂದು ಫೋಟೋ, ಸ್ವಲ್ಪ ಓರೆ, ಓದ್ಲಿಕ್ಕೆ ಆಗ್ತದೆ, ಜೊತೆಗೆ ಒಂದು ವಾಯ್ಸ್ ಮೆಸೇಜ್. 320ರದ್ದು ಎಲ್ಲ ಆಗಿದೆ, ತೂಕ ಲಾಟ್ ಎರಡೂ ಅದ್ರಲ್ಲೇ ಉಂಟು. 240ರಲ್ಲಿ ಕೆಲವು ಚೀಲದ ವ್ಯಾಕ್ಯೂಮ್ ನಿಲ್ಲದೆ ಗಾಳಿ ತುಂಬಿ ಉಬ್ಬಿತ್ತು, ಬಿಚ್ಚಿ ಪುನಃ ಪ್ಯಾಕ್ ಮಾಡ್ತಾ ಇದ್ದಾರೆ, ಹಾಗಾಗಿ ಯಾವ ಲಾಟಿಂದ ಎಷ್ಟು ಅಂತ 4 ಗಂಟೆಗೆ ಹೇಳ್ತೇನೆ, ಪೂರ್ತಿ ಆದ ಮೇಲೆ ಒಟ್ಟಿಗೇ ಕಳಿಸುವ ಅಂತ ಇದ್ದೆ ಅಂದ್ರು. ಅಂದ್ರೆ ಸೋಮವಾರ "ರೆಡಿ ಆಯ್ತಾ" ಅಂತ ಕೇಳಿದಾಗ ಮುಕ್ಕಾಲು ಭಾಗ ರೆಡಿ ಇತ್ತು, ನಾನು ಕೇಳಿದ ರೀತಿಯಲ್ಲಿ ಅದನ್ನು ಹೇಳ್ಲಿಕ್ಕೆ ಜಾಗ ಇರ್ಲಿಲ್ಲ.

4 ಗಂಟೆ ಅಂದ್ರೆ ನನ್ನ 3 ಗಂಟೆ ದಾಟ್ತದೆ. ಇಲ್ಲಿ ನಾನು ಮೊಂಡು ಹಿಡಿಲಿಲ್ಲ, ಆದ್ರೆ ಸುಮ್ಮನೆ "ಸರಿ ಸರ್" ಅಂತಲೂ ಬಿಡ್ಲಿಲ್ಲ. ಸಿಎಚ್‌ಎಗೆ ಫೋನ್ ಮಾಡಿ 320ರದ್ದು ಈಗಲೇ ಎಂಟ್ರಿ ಮಾಡಿ, 240ರದ್ದು 4:30ಕ್ಕೆ ಕೊಡ್ತೇನೆ ಅಂದೆ, ಅವರು ಒಪ್ಪಿದ ಮೇಲೆ ಇವರಿಗೆ ಬರ್ದೆ: "ಥ್ಯಾಂಕ್ಯೂ ಸರ್, 320ರದ್ದು ಸಿಎಚ್‌ಎಗೆ ಹೋಯ್ತು. 240ರದ್ದು 4 ಗಂಟೆಗೆ ಕಾಯ್ತೇನೆ, ಅವರು 4:30ವರೆಗೆ ಮಾತ್ರ ಒಪ್ಪಿದ್ದಾರೆ." ಟೈಮ್ ಬದಲಾದ್ರೆ ಹೊಸ ಟೈಮ್ ಬರವಣಿಗೆಯಲ್ಲಿ ಬರ್ಬೇಕು, ಇಲ್ಲದಿದ್ರೆ ಹಳೇದೂ ಸತ್ತು ಹೊಸತೂ ಹುಟ್ಟದೆ ಹೋಗ್ತದೆ. 4:12ಕ್ಕೆ ಎರಡನೇ ಫೋಟೋ ಬಂತು. ಮ್ಯಾನೇಜರ್ ಹತ್ರ ಹೋಗ್ಲಿಕ್ಕೆ ಬರ್ಲಿಲ್ಲ, ಗುರುವಾರ ಬೆಳಿಗ್ಗೆ ಶಿಪ್ಪಿಂಗ್ ಬಿಲ್ ಆಯ್ತು, ಸಂಜೆ ಗಾಡಿ ಹೊರಟಿತು.

ಇದೇ ಅಚ್ಚನ್ನು ಮರುವಾರ ನಮ್ಮ ಟ್ರಾನ್ಸ್‌ಪೋರ್ಟಿನ ಒಬ್ರಿಗೆ ಹಾಕಿ ನೋಡಿದೆ, ಕೆಲಸ ಮಾಡ್ಲಿಲ್ಲ. ಅವರು ಇಡೀ ದಿನ ಗಾಡಿಯಲ್ಲಿ, ಅಷ್ಟುದ್ದ ಓದುವವರೇ ಅಲ್ಲ, ಅವರಿಗೆ ಫೋನೇ ಸರಿ, ಫೋನಲ್ಲಿ ಒಪ್ಪಿದ್ದನ್ನು ನಂತ್ರ ಒಂದು ಸಾಲಲ್ಲಿ ಬರ್ದು ಕಳಿಸುದು. ಸೂಪರ್‌ವೈಸರಿಗೆ ಮಾತ್ರ ಈಗ ಮೊದಲನೇ ಸಲ ಕೇಳುವಾಗಲೇ ಆ ಎರಡು ನಂಬರಿನ ಪಟ್ಟಿ ಹಾಕಿ, ಗಂಟೆ ಹಾಕಿ, ಊಟದ ಹತ್ತು ನಿಮಿಷ ಮೊದ್ಲು ಕಳಿಸ್ತೇನೆ. ಮೊನ್ನೆಯ ಕಂಟೇನರಿಗೆ ನಾನು ಕೇಳುವ ಮೊದ್ಲೇ ಅವರ ಕಡೆಯಿಂದ ಅರ್ಧ ಪುಟದ ಫೋಟೋ ಬಂತು, ಕೆಳಗೆ ಬರ್ದಿದ್ರು: "ಇಷ್ಟು ಆಗಿದೆ. ಉಳಿದದ್ದು ನಾಳೆ 11ಕ್ಕೆ."